ಅರ್ಜಿಯ ಕನ್ನಡವೂ ಸ್ನೇಹದ ಕನ್ನಡವೂ



ನಮ್ಮ ಶಾಲೆಗಳು ಮಕ್ಕಳಿಗೆ ಕನ್ನಡದಲ್ಲಿ ಅರ್ಜಿ ಬರೆಯುವುದನ್ನು ಕಲಿಸುತ್ತವೆಯೇ ಹೊರತು ಸ್ನೇಹದ ಮಾತು ಬರೆಯುವುದನ್ನು ಕಲಿಸುವುದಿಲ್ಲ. ಇದು ನನ್ನ ನೇರವಾದ ಆರೋಪ. ಅದರ ಫಲವನ್ನು ಈಗ ಎಲ್ಲರ ಮೊಬೈಲಿನಲ್ಲಿಯೂ ಕಾಣಬಹುದು. ಜಾಲದಲ್ಲಿ ಹೊಸದಾಗಿ ಪರಿಚಯವಾದ ಒಬ್ಬರಿಗೆ ನಾಲ್ಕು ಸಾಲು ಬರೆಯಬೇಕಾದಾಗ, ಚೆನ್ನಾಗಿ ಮಾತನಾಡಬಲ್ಲ ಹುಡುಗನೂ ಇದ್ದಕ್ಕಿದ್ದಂತೆ ತಾಲೂಕು ಕಚೇರಿಯ ಗುಮಾಸ್ತನಾಗಿಬಿಡುತ್ತಾನೆ.

ಈ ತೊಂದರೆ ದಂಡು ಪ್ರದೇಶದಲ್ಲಿ ಇನ್ನೂ ಹೆಚ್ಚು. ಅದಕ್ಕೆ ಚಾರಿತ್ರಿಕ ಕಾರಣವಿದೆ. ಬೆಂಗಳೂರು ದಂಡು 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ನಗರದೊಡನೆ ಸೇರಿ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಶಿವಾಜಿನಗರದ ಮನೆಗಳಲ್ಲಿ ದಖನಿ ಉರ್ದು, ಹಲಸೂರಿನ ಮನೆಗಳಲ್ಲಿ ತಮಿಳು, ಜೊತೆಗೆ ತೆಲುಗು, ಇಂಗ್ಲಿಷು ಇಂದಿಗೂ ಕೇಳಿಬರುತ್ತವೆ. ಇಲ್ಲಿನ ಎಷ್ಟೋ ಮಕ್ಕಳು ಆಡುವ ಕನ್ನಡವನ್ನು ಬೀದಿಯಲ್ಲಿ ಕಲಿತರು, ಬರೆಯುವ ಕನ್ನಡವನ್ನು ಪಠ್ಯಪುಸ್ತಕದಲ್ಲಿ ಮಾತ್ರ ಕಂಡರು. ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯುವ ಸಂದರ್ಭವೇ ಅವರಿಗೆ ಒದಗಲಿಲ್ಲ. ಹೀಗಾಗಿ ಅವರ ಬರಹ ಬಿಗಿಯಾಗಿದ್ದರೆ ಅದು ಮನಸ್ಸಿನ ಬಿಗಿಯಲ್ಲ, ಕಲಿಕೆಯ ಬಿಗಿ.

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹಲಸೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಮಾತು ತಮಿಳು. ಒಂದು ವಾಟ್ಸಾಪ್ ಗುಂಪಿನಲ್ಲಿ ಕೆ.ಆರ್. ಪುರದ ಹಿರಿಯರೊಬ್ಬರು ಹಲಸೂರು ಸೋಮೇಶ್ವರ ಜಾತ್ರೆಯ ಹೂವಿನ ಪಲ್ಲಕ್ಕಿಯ ಹಳೆಯ ಫೋಟೊ ಹಾಕಿದ್ದರು. ಅವರ ಪರಿಚಯ ಬೆಳೆಸಬೇಕೆಂದು ಇವನಿಗೆ ಆಸೆ. ಕಳುಹಿಸುವ ಮೊದಲು ಕರಡನ್ನು ನನಗೆ ತೋರಿಸಿದ:

“ಮಾನ್ಯರೇ, ನಾನು ಹಲಸೂರಿನ ನಿವಾಸಿಯಾಗಿರುತ್ತೇನೆ. ತಾವು ಪ್ರಕಟಿಸಿದ ಛಾಯಾಚಿತ್ರವನ್ನು ವೀಕ್ಷಿಸಿ ಸಂತೋಷಗೊಂಡಿರುತ್ತೇನೆ. ಸದರಿ ಪಲ್ಲಕ್ಕಿಯ ಬಗ್ಗೆ ದಯವಿಟ್ಟು ಹೆಚ್ಚಿನ ಮಾಹಿತಿ ಒದಗಿಸಬೇಕಾಗಿ ತಮ್ಮಲ್ಲಿ ವಿನಂತಿ. ಇತಿ ತಮ್ಮ ವಿಶ್ವಾಸಿ.”

ಇದರಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪಿಲ್ಲ. ಪರೀಕ್ಷೆಯಲ್ಲಿ ಪೂರ್ಣ ಅಂಕ ಬರುತ್ತಿತ್ತು. ಆದರೆ ಓದಿದ ಹಿರಿಯರು ಏನು ಮಾಡಬೇಕು? ಮಾಹಿತಿ ‘ಒದಗಿಸ’ಬೇಕು. ಇಂತಹ ಓಲೆಗೆ ಸಾಮಾನ್ಯವಾಗಿ ಬರುವ ಉತ್ತರ ಒಂದು ಕೈಮುಗಿದ ಚಿತ್ರ, ಅಷ್ಟೇ.

“ಹಿರಿಯರಿಗೆ ಗೌರವ ಬೇಡವೇ?” ಎಂದು ಕೇಳುವವರಿದ್ದಾರೆ. ಬೇಕು. ಆದರೆ ಕನ್ನಡದಲ್ಲಿ ಗೌರವ ಎಲ್ಲಿದೆ ಎಂಬುದನ್ನು ಅವರು ಗಮನಿಸಿದಂತಿಲ್ಲ. ಅದು ‘ನೀವು’ ಎಂಬ ಪದದಲ್ಲಿದೆ, ಕ್ರಿಯಾಪದದ ತುದಿಯಲ್ಲಿದೆ. ‘ಹೇಳು’ ಎನ್ನುವುದು ‘ಹೇಳಿ’ ಆದಾಗಲೇ ಮರ್ಯಾದೆ ಸಂದಾಯವಾಯಿತು. ಅದರ ಮೇಲೆ ‘ಮಾನ್ಯರೇ’, ‘ಸದರಿ’, ‘ವಿನಂತಿ’ಗಳನ್ನು ಹೇರಿದರೆ ಮರ್ಯಾದೆ ಹೆಚ್ಚುವುದಿಲ್ಲ, ದೂರ ಹೆಚ್ಚುತ್ತದೆ. ‘ದಯವಿಟ್ಟು’ ಎಂಬುದನ್ನು ನಾವು ಹೆಚ್ಚಾಗಿ ಓದುವುದು ಫಲಕಗಳ ಮೇಲೆ: ದಯವಿಟ್ಟು ಚಪ್ಪಲಿ ಹೊರಗೆ ಬಿಡಿ. ಎದುರು ಕುಳಿತವರೊಡನೆ ನಾವು ಆ ಪದವನ್ನು ಬಳಸುವುದು ಅಪರೂಪ. ‘ಸ್ವಲ್ಪ ಹೇಳ್ತೀರಾ’ ಎನ್ನುತ್ತೇವೆ. ಆ ‘ಸ್ವಲ್ಪ’ದಲ್ಲಿಯೇ ವಿನಯವಿದೆ.

ಇನ್ನು ‘ಛಾಯಾಚಿತ್ರ’, ‘ವೀಕ್ಷಿಸಿ’, ‘ನಿವಾಸಿಯಾಗಿರುತ್ತೇನೆ’. ಫೋಟೊ ಎನ್ನುವುದನ್ನು ಫೋಟೊ ಎಂದೇ ಬರೆಯಬೇಕು, ಏಕೆಂದರೆ ಆ ಹಿರಿಯರೂ ಹಾಗೆಯೇ ಅನ್ನುತ್ತಾರೆ. ಹಲಸೂರಿನ ನಿವಾಸಿ ಎನ್ನುವುದು ಪಡಿತರ ಚೀಟಿಯ ಸಂಗತಿ. ‘ನಾನೂ ಹಲಸೂರಿನವನೇ’ ಎನ್ನುವುದು ಮನುಷ್ಯನ ಮಾತು. ಕೊನೆಯ ಆ ‘ಏ’ ಅಕ್ಷರವೊಂದೇ ಅರ್ಧ ಸ್ನೇಹವನ್ನು ಸಂಪಾದಿಸುತ್ತದೆ.

ಆದರೆ ಪದಗಳನ್ನು ಬದಲಿಸಿದ ಮಾತ್ರಕ್ಕೆ ಓಲೆ ಸ್ನೇಹದ್ದಾಗುವುದಿಲ್ಲ. ‘ಹೆಚ್ಚಿನ ಮಾಹಿತಿ’ ಎಂಬ ಬೇಡಿಕೆಯೇ ಇಲ್ಲಿ ದೊಡ್ಡ ದೋಷ. ಅದಕ್ಕೆ ಉತ್ತರಿಸಲು ಆ ಹಿರಿಯರು ಒಂದು ಪ್ರಬಂಧ ಬರೆಯಬೇಕು. ಮೊದಲ ಓಲೆಯಲ್ಲಿ ಒಂದೇ ಪ್ರಶ್ನೆ ಇರಲಿ. ಒಂದೇ ಸಾಲಿನಲ್ಲಿ ಉತ್ತರಿಸುವಂತಿರಲಿ. ಆ ಪ್ರಶ್ನೆಗೆ ಮುನ್ನ ಬರೆಯುವವನು ತನ್ನದೇನಾದರೂ ಕೊಡಬೇಕು. ಬರೀ ಕೇಳುವವನು ಜನಗಣತಿಯವನು; ಕೊಟ್ಟು ಕೇಳುವವನು ಸ್ನೇಹಿತ. ಆ ಫೋಟೊ ನೋಡಿ ಏಕೆ ಸಂತೋಷವಾಯಿತು ಎಂದು ಹುಡುಗನನ್ನು ಕೇಳಿದೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಪಲ್ಲಕ್ಕಿ ನೋಡುತ್ತಿದ್ದನಂತೆ. ಇಷ್ಟು ಒಳ್ಳೆಯ ಮಾತನ್ನು ಒಳಗಿಟ್ಟುಕೊಂಡು ‘ಸಂತೋಷಗೊಂಡಿರುತ್ತೇನೆ’ ಎಂದು ಬರೆದಿದ್ದ! ತಿದ್ದಿದ ಓಲೆ ಹೀಗಾಯಿತು:

“ನಮಸ್ಕಾರ ಸರ್. ಗುಂಪಿನಲ್ಲಿ ನೀವು ಹಾಕಿದ್ದ ಪಲ್ಲಕ್ಕಿ ಫೋಟೊ ನೋಡಿದೆ. ನಾನೂ ಹಲಸೂರಿನವನೇ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಈ ಪಲ್ಲಕ್ಕಿಗಳನ್ನು ನೋಡುತ್ತಿದ್ದೆ, ಅದೆಲ್ಲ ನೆನಪಾಯಿತು. ಇದು ಯಾವ ವರ್ಷದ ಫೋಟೊ ಸರ್? ಬಿಡುವಾದಾಗ ಹೇಳಿ.”

ಕೆಳಗೆ ಅವನ ಹೆಸರು, ಅಷ್ಟೇ. ‘ಇತಿ’ಯೂ ಇಲ್ಲ, ‘ವಿಶ್ವಾಸಿ’ಯೂ ಇಲ್ಲ. ‘ಬಿಡುವಾದಾಗ’ ಎಂಬ ಪದವನ್ನು ಬಿಡಬಾರದು. ಅದಿಲ್ಲದೆ ‘ಹೇಳಿ’ ಎನ್ನುವುದು ಅಪ್ಪಣೆಯಂತೆ ಕೇಳಿಸೀತು. ಅದಿದ್ದರೆ ಉತ್ತರ ತಡವಾದರೂ ಅವರಿಗೆ ಮುಜುಗರವಾಗುವುದಿಲ್ಲ.

ಎದುರು ಪಕ್ಷದವರನ್ನೂ ಬಿಡುವಂತಿಲ್ಲ. ಬಿಗಿ ಬೇಡವೆಂದರೆ ‘ಹಾಯ್ ಬ್ರೋ’ ಎನ್ನುವುದೇ ಸ್ನೇಹವೆಂದು ತಿಳಿದವರು ಇಂದಿರಾನಗರದ ಕಾಫಿ ಅಂಗಡಿಗಳ ತುಂಬ ಇದ್ದಾರೆ. ಅರ್ಜಿ ಎಷ್ಟು ಸಿದ್ಧ ಅಚ್ಚೋ ಇದೂ ಅಷ್ಟೇ ಸಿದ್ಧ ಅಚ್ಚು. ಯಾರಿಗೆ ಬೇಕಾದರೂ ಕಳುಹಿಸಬಹುದು, ಆದ್ದರಿಂದ ಯಾರಿಗೂ ಸೇರಿದ್ದಲ್ಲ. ನಗುಮುಖದ ಐದು ಚಿತ್ರಗಳು ಒಂದು ನಿಜವಾದ ವಾಕ್ಯಕ್ಕೆ ಸಮನಲ್ಲ. ಕೇಳದೆ ‘ನೀನು’ ಎನ್ನುವುದು ಸಲಿಗೆಯಲ್ಲ, ಅತಿಕ್ರಮ. ಮೊದಲ ಓಲೆಯಲ್ಲೇ ‘ಯಾವಾಗ ಸಿಗೋಣ’ ಎನ್ನುವವರೂ ಉಂಟು. 2023ರ ಅಕ್ಟೋಬರಿನಿಂದ ಕೆ.ಆರ್. ಪುರದಿಂದ ಹಲಸೂರಿಗೆ ಒಂದೇ ಮೆಟ್ರೊದಲ್ಲಿ ಬರಬಹುದು, ನಿಜ. ಆದರೆ ಪರಿಚಯಕ್ಕೆ ಅಷ್ಟು ವೇಗದ ಹಳಿ ಇಲ್ಲ.

ಈ ವಿಧಾನಕ್ಕೂ ಮಿತಿಯಿದೆ. ಎದುರಿನವರೇ ‘ತಾವು’ ಎಂದು ಬರೆದರೆ ನಾವೂ ಕೆಲವು ದಿನ ‘ತಾವು’ ಎನ್ನುವುದೇ ಸರಿ. ಕೆಲಸ ಕೇಳುವಾಗ ಅರ್ಜಿಯನ್ನೇ ಬರೆಯಬೇಕು. ಕನ್ನಡ ಈಗಷ್ಟೇ ಓದಲು ಕಲಿತವರಿಗಾದರೆ ವಾಕ್ಯಗಳು ಇನ್ನೂ ಚಿಕ್ಕದಾಗಲಿ. ಉತ್ತರ ಬರದಿದ್ದರೆ ಮರುದಿನವೇ ‘ನೋಡಿದಿರಾ?’ ಎಂದು ಕೇಳುವುದು ಬೇಡ.

ಓಲೆ ಸರಿಯಾಯಿತೇ ಎಂದು ತಿಳಿಯಲು ಎರಡು ಒರೆಗಲ್ಲುಗಳಿವೆ. ಕಳುಹಿಸುವ ಮುನ್ನ ಗಟ್ಟಿಯಾಗಿ ಓದಿ. ರಸೆಲ್ ಮಾರುಕಟ್ಟೆಯ ಮುಂದೆ ಆ ವ್ಯಕ್ತಿ ಎದುರಾದರೆ ನಿಮ್ಮ ಬಾಯಿಂದ ಬಾರದ ಪದ ಯಾವುದೋ ಅದನ್ನು ಹೊಡೆದುಹಾಕಿ. ಕಳುಹಿಸಿದ ಮೇಲೆ ಉತ್ತರವನ್ನು ನೋಡಿ. ಅದರಲ್ಲಿ ನಿಮ್ಮ ಬಗ್ಗೆ ಒಂದು ಮರುಪ್ರಶ್ನೆ ಇದ್ದರೆ ಬಾಗಿಲು ತೆರೆಯಿತು. ಹಿರಿಯರು ನಮ್ಮ ಹುಡುಗನಿಗೆ ವರ್ಷವನ್ನು ತಿಳಿಸಿ, ಕೆಳಗೆ “ನಿಮ್ಮ ಮನೆ ಯಾವ ಬೀದಿ?” ಎಂದು ಕೇಳಿದ್ದರು.

ಅಧ್ಯಾಪಕ ವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಪತ್ರಲೇಖನದ ಪಾಠದಲ್ಲಿ ರಜಾ ಅರ್ಜಿಯ ಪಕ್ಕದಲ್ಲಿ ಇಂತಹ ಐದು ಸಾಲಿನ ಓಲೆಯೊಂದನ್ನೂ ಬರೆಯಿಸಿ. ರಜೆ ಕೇಳುವ ಸಂದರ್ಭ ವರ್ಷಕ್ಕೆ ನಾಲ್ಕು ಬಾರಿ ಬಂದೀತು. ಹೊಸ ಮನುಷ್ಯರು ದಿನವೂ ಸಿಗುತ್ತಾರೆ.