ಮೀಟಿಂಗ್ ಮುಗಿದ ಮೇಲಿನ ಮೇಲ್

ಎಲ್ಲರೆದುರು ಎಡವಿದಾಗ ಮೊದಲು ಬಾಯಿಗೆ ಬರೋದು ಕಾರಣ. ನಮ್ಮ ಟೀಮಿನ ಹುಡುಗಿ ಜೂನ್ ಬದಲು ಮೇ ತಿಂಗಳ ಮಾರಾಟದ ಅಂಕಿ ಓದಿದಾಗ ಕಾರಣ ಹೇಳಲಿಲ್ಲ. ಒಂದು ಗುಟುಕು ನೀರು ಕುಡಿದು, ನಿಧಾನಕ್ಕೆ ಉಸಿರು ಬಿಟ್ಟು, "ಇದು ಮೇ ತಿಂಗಳದ್ದು. ಜೂನ್‌ದು 4 ಗಂಟೆಯೊಳಗೆ ಕಳಿಸ್ತೀನಿ" ಅಂದು ಮುಂದಿನ ಸ್ಲೈಡಿಗೆ ಹೋದಳು.

ಆಮೇಲೆ ನನ್ನ ಹತ್ರ ಬಂದು, "ಒಬ್ಬೊಬ್ಬರಿಗೂ ಸಾರಿ ಕೇಳ್ಲಾ ಮೇಡಂ?" ಅಂದಳು. ಬೇಡ ಅಂದೆ. ಮಾತು ತೊದಲಿದ್ದರೆ ಸುಮ್ಮನಿರೋದೇ ವಾಸಿ. ಮೇಲ್ ಹಾಕಿದರೆ ಮರೆತವರಿಗೂ ನೆನಪಾಗುತ್ತೆ. ಆದರೆ ಈ ಅಂಕಿ ನೋಡಿ ಗೋದಾಮಿನವರು ಆರ್ಡರ್ ಹಾಕ್ತಾರೆ. ಹಾಗಾಗಿ ಮೀಟಿಂಗ್‌ನಲ್ಲಿದ್ದ ಎಲ್ಲರಿಗೂ ಒಂದೇ ಮೇಲ್: ಯಾವ ಸ್ಲೈಡ್, ಸರಿಯಾದ ಅಂಕಿ ಎಷ್ಟು, ಆರ್ಡರ್ ಎಷ್ಟು ಬದಲಾಗಬೇಕು. 'ಕ್ಷಮಿಸಿ' ಒಂದೇ ಸಲ. ಎಕ್ಸೆಲ್ ಕೈಕೊಟ್ಟ ಕಥೆಯನ್ನ ಯಾರಾದ್ರೂ ಕೇಳಿದ್ರೆ ಮಾತ್ರ ಹೇಳೋದು.