ಅಂಕಿ ಕೂಡಿದರೆ ಅಣ್ಣತಮ್ಮನೆ?

ನಮ್ಮ ಕಡೆಯ ಭಾಷಾಭಿಮಾನಿಗಳಲ್ಲಿ ಇತ್ತೀಚೆಗೆ ಒಂದು ಹೊಸ ಉತ್ಸಾಹ ಕಾಣತೊಡಗಿದೆ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ, ಜಾಮೋದದ ಸುತ್ತಿನ ಕೆಲವು ಹಳ್ಳಿಗಳಲ್ಲಿ, ಸುಮಾರು 2,000 ಜನ ಆಡುವ ನಿಹಾಲಿ ಎಂಬ ನುಡಿಯೊಂದಿದೆ. ಅದು ಕನ್ನಡದ ಕಳೆದುಹೋದ ತಂಗಿಯೆಂದು ಸಭೆಯಲ್ಲಿ ಘೋಷಿಸಿದವರನ್ನು ಬಾಗಲಕೋಟೆಯಲ್ಲಿಯೇ ನಾನು ಕೇಳಿದ್ದೇನೆ. ಚಪ್ಪಾಳೆಯೂ ಬಿತ್ತು. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನಗೂ ಇದು ನಿಜವಾಗಿದ್ದರೆ ಸಂತೋಷವೇ. ಆದರೆ ಸಂತೋಷ ಪುರಾವೆಯಲ್ಲ.

ಅವರು ಮುಂದಿಟ್ಟ ಆಧಾರವೇನು? ಅಂಕಿಗಳು. ನಿಹಾಲಿಯಲ್ಲಿ ಎರಡಕ್ಕೆ ‘ಇರಾರ್’, ನಾಲ್ಕಕ್ಕೆ ‘ನಾಲೊ’. ನಮ್ಮ ‘ಇರ್ಮಡಿ’, ‘ನಾಲ್ಕು’ ನೆನಪಾಗುವುದು ಸಹಜ. ಮೂರರ ಮಾತೂ ಹಾಗೆಯೇ. ಆದರೆ ಐದಕ್ಕೆ ಬಂದೊಡನೆ ಆ ನುಡಿ ಮರಾಠಿ-ಹಿಂದಿಗಳ ಅಂಕಿಗಳನ್ನು ಎತ್ತಿಕೊಳ್ಳುತ್ತದೆ. ಇದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ. ಎರಡರಿಂದ ನಾಲ್ಕರವರೆಗಿನ ಅಂಕಿಗಳಿಂದ ನಿಹಾಲಿ ದ್ರಾವಿಡವಾಗುವುದಾದರೆ, ಐದರಿಂದ ಮುಂದಿನವುಗಳಿಂದ ಅದು ಆರ್ಯಭಾಷೆಯೂ ಆಗಬೇಕಲ್ಲ? ಅಂಕಿ ಸಂತೆಯಲ್ಲಿ ಕೈಬದಲಾಗುವ ಸಾಮಾನು. ನಾವು ದಿನವೂ ಆಡುವ ‘ಸಾವಿರ’ ಸಂಸ್ಕೃತದ ಸಹಸ್ರದಿಂದ ಬಂದದ್ದು. ಅಷ್ಟರಿಂದ ಕನ್ನಡ ಸಂಸ್ಕೃತದ ಮಗಳಾಗಲಿಲ್ಲ. ಇಲಕಲ್ಲ ಸೀರೆಯ ಒಡಲನ್ನೂ ಸೆರಗನ್ನೂ ಬೇರೆ ಬೇರೆ ನೂಲಿನಿಂದ ನೇಯ್ದು ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗಿನ ರೇಷ್ಮೆ ಮುಟ್ಟಿ ನೋಡಿ ಒಡಲೂ ರೇಷ್ಮೆಯೆಂದು ಹೇಳುವವನನ್ನು ಹುನಗುಂದದ ಹೆಣ್ಣುಮಕ್ಕಳು ನಗದೆ ಬಿಟ್ಟಾರೆಯೆ?

ಡಚ್ ವಿದ್ವಾಂಸ ಕೈಪರ್ 1962ರಲ್ಲಿ ಈ ನುಡಿಯ ಶಬ್ದಗಳನ್ನು ಒಂದೊಂದಾಗಿ ಜರಡಿ ಹಿಡಿದರು. ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ನೆರೆಯ ಮುಂಡಾ ಭಾಷೆಯಾದ ಕೊರ್ಕುವಿನವು, ಆರ್ಯಭಾಷೆಗಳವು ಬಹಳ, ದ್ರಾವಿಡದವು ಕೆಲವೇ. ಇವೆಲ್ಲ ಸೋಸಿಹೋದ ಮೇಲೂ ಸುಮಾರು ಕಾಲುಭಾಗ ಉಳಿಯಿತು. ಆ ಉಳಿದದ್ದರಲ್ಲಿ ಯಾವ ಮಾತುಗಳಿವೆ ನೋಡಿ: ಕಣ್ಣಿಗೆ ‘ಜಿಕಿತ್’, ನೀರಿಗೆ ‘ಜೊಪ್ಪೊ’, ಬೆಂಕಿಗೆ ‘ಆಪೊ’. ಒಲೆಯ ಮುಂದಿನ ಮಾತುಗಳು ಇವು, ಸಂತೆಯವಲ್ಲ. ಇವಕ್ಕೆ ಒಪ್ಪುವಂಥ ನಂಟು ಈವರೆಗೆ ಎಲ್ಲಿಯೂ ಸಿಕ್ಕಿಲ್ಲ. (ನಮ್ಮ ಮಿತ್ರರು ‘ಆಪೊ’ ಕಂಡರೆ ಸಂಸ್ಕೃತದ ‘ಅಪ್’ ಎಂದಾರು, ಅದು ನೀರು, ಇದು ಬೆಂಕಿ ಎಂಬುದು ಅವರಿಗೆ ತೊಡಕಾಗಲಾರದು!) ಭಾರತದ ಭಾಷಾ ಸಮೀಕ್ಷೆಯ 1906ರ ಸಂಪುಟ ನಿಹಾಲಿಯನ್ನು ಮುಂಡಾ ಭಾಷೆಗಳ ಸಾಲಿನಲ್ಲಿ ಕೂರಿಸಿತ್ತು. ಇಂದು ಬಹುಮಂದಿ ಪಂಡಿತರು ಅದನ್ನು ಒಂಟಿ ಭಾಷೆಯೆಂದೇ ಕರೆಯುತ್ತಾರೆ.

ಹಾಗಾದರೆ ನಂಟು ಸಿದ್ಧವಾಗುವುದು ಹೇಗೆ? ಧ್ವನಿ ಹೋಲುವುದರಿಂದಲ್ಲ, ಧ್ವನಿ ನಿಯಮದಂತೆ ಬೇರೆಯಾಗುವುದರಿಂದ. ನಮ್ಮ ಹಾಲು, ಹಲ್ಲು, ಹುಲಿ ತಮಿಳಿನಲ್ಲಿ ಪಾಲ್, ಪಲ್, ಪುಲಿ. ನಮ್ಮ ಹಕಾರಕ್ಕೆ ಅಲ್ಲಿ ಪಕಾರ, ಅದೂ ಸಾಲುಸಾಲಾಗಿ. ಇನ್ನು ಹಿಂದಕ್ಕೆ ಹೋಗಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ. ಶ. 700ರದು, ಅದರಲ್ಲಿ ‘ಹೊಲ್ಲದು’ ಇಲ್ಲ, ‘ಪೊಲ್ಲದು’ ಇದೆ. ನಿಜವಾದ ಬಂಧುಗಳು ಹಿಂದೆ ಹೋದಷ್ಟೂ ಹತ್ತಿರವಾಗುತ್ತಾರೆ. ಆಕಸ್ಮಿಕವಾಗಿ ಹೋಲುವವರು ದೂರವಾಗುತ್ತಾರೆ. ತಮಿಳಿನ ‘ಎಟ್ಟು’, ಇಂಗ್ಲಿಷಿನ ‘ಏಟ್’ ಎರಡಕ್ಕೂ ಅರ್ಥ ಎಂಟು, ಧ್ವನಿಯೂ ಹೆಚ್ಚುಕಡಿಮೆ ಒಂದೇ. ಆದರೆ ಹಿಂದಕ್ಕೆ ಸರಿದರೆ ದ್ರಾವಿಡದಲ್ಲಿ ‘ಎಣ್’ ಎಂಬ ಮೂಲ ದೊರೆಯುತ್ತದೆ; ಇಂಗ್ಲಿಷಿನ ಕಡೆ ಜರ್ಮನಿನ ‘ಆಖ್ಟ್’, ಲ್ಯಾಟಿನಿನ ‘ಒಕ್ತೊ’, ಸಂಸ್ಕೃತದ ‘ಅಷ್ಟ’ ನಿಲ್ಲುತ್ತವೆ. ದಾರಿಗಳು ಎರಡೂ ಬೇರೆ.

ನಿಹಾಲಿಗೆ ಈ ಪರೀಕ್ಷೆ ಮಾಡಲು ಹೋದರೆ ಕಾಲಿಡಲು ನೆಲವೇ ಇಲ್ಲ. ಅದಕ್ಕೆ ಬಾದಾಮಿಯ ಬಂಡೆಯಿಲ್ಲ. ಹಳೆಯ ಬರಹ ಯಾವುದೂ ಇಲ್ಲ. ಎದುರು ಇಟ್ಟು ಹೋಲಿಸಲು ಎರಡನೆಯ ಸಾಕ್ಷಿಯೂ ಇಲ್ಲ. ಒಂದು ಕಾಲಕ್ಕೆ ಅದಕ್ಕೂ ಅಕ್ಕತಂಗಿಯರು ಇದ್ದಿರಬಹುದು, ಕೊರ್ಕು-ಮರಾಠಿಗಳ ಹೊಳೆಯಲ್ಲಿ ಮುಳುಗಿ ಹೋಗಿರಬಹುದು. ಅಥವಾ ಯಾವುದೋ ದೊಡ್ಡ ಕುಟುಂಬದಿಂದ ಎಷ್ಟೋ ಸಾವಿರ ವರ್ಷಗಳ ಹಿಂದೆಯೇ ಅಗಲಿ, ಕೂಡಿ ಬಂದ ಶಬ್ದಗಳನ್ನೆಲ್ಲ ಕಳೆದುಕೊಂಡಿರಬಹುದು. ಒಂಟಿ ಭಾಷೆ ಎಂದರೆ ತಂದೆತಾಯಿ ಇಲ್ಲದೆ ಹುಟ್ಟಿದ ಭಾಷೆ ಎಂದಲ್ಲ. ನಂಟಿನ ಕಾಗದಪತ್ರ ನಮ್ಮ ಕೈಯಲ್ಲಿ ಇಲ್ಲ ಎಂದಷ್ಟೇ. ಇದೇ ಕಾರಣಕ್ಕೆ, ‘ನಿಹಾಲಿಗೂ ದ್ರಾವಿಡಕ್ಕೂ ನಂಟಿಲ್ಲವೆಂದು ಸಿದ್ಧವಾಗಿದೆ’ ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ನಂಟು ಇಲ್ಲವೆಂದು ತೋರಿಸುವ ಸಾಧನ ಯಾರ ಬಳಿಯೂ ಇಲ್ಲ.

ನಮ್ಮ ಸಭಾಪಂಡಿತರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಅಂಕಿಗಳನ್ನು ಬದಿಗಿಟ್ಟು ಕಣ್ಣು, ಕೈ, ನೀರು, ಬೆಂಕಿ, ಕಲ್ಲು ಇಂಥ ಮಾತುಗಳನ್ನು ಹಿಡಿಯಲಿ. ನಿಹಾಲಿಯ ಒಂದೇ ಧ್ವನಿಗೆ ಕನ್ನಡದ ಒಂದೇ ಧ್ವನಿ ಒದಗುವ ಹತ್ತು ಶಬ್ದಗಳನ್ನು ಸಾಲಾಗಿ ತೋರಿಸಲಿ. ಅಂಥ ಪಟ್ಟಿ ಬಂದ ದಿನ ಮೊದಲ ಚಪ್ಪಾಳೆ ನನ್ನದು.