ಅಂಗಡಿಯ ಸುತ್ತಲಿನ ಬೇಲಿ
ಗ್ರಾಹಕ ಅಂಗಡಿಯ ಹತ್ತಿರ ಬಂದೊಡನೆ ಫೋನಿನಲ್ಲಿ ರಿಯಾಯಿತಿಯ ಸೂಚನೆ ಮೂಡಬೇಕಾದರೆ ಆ್ಯಪ್ ಅವನನ್ನು ದಿನವಿಡೀ ಹಿಂಬಾಲಿಸಲೇಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅಂಗಡಿಯ ಸುತ್ತ 100ರಿಂದ 150 ಮೀಟರ್ ತ್ರಿಜ್ಯದ ಬೇಲಿಯನ್ನು ನಮೂದಿಸಿದರೆ ಸಾಕು; ವೈಫೈ, ಮೊಬೈಲ್ ಟವರ್‌ಗಳ ನೆರವಿನಿಂದ ಫೋನೇ ಕಾವಲು ಕಾಯ್ದು, ಬೇಲಿ ದಾಟಿದಾಗಷ್ಟೇ ಆ್ಯಪನ್ನು ಎಬ್ಬಿಸುತ್ತದೆ. ಜಿಪಿಎಸ್ ಸದಾ ಓಡಬೇಕಿಲ್ಲವಾದ್ದರಿಂದ ಬ್ಯಾಟರಿಯೂ ಉಳಿಯುತ್ತದೆ. ಸೂಚನೆ ತಡವಾಗುತ್ತದಲ್ಲ ಎಂಬ ಆಕ್ಷೇಪ ನಿಜವೇ. ಎರಡು ಮೂರು ನಿಮಿಷ ಹಿಡಿಯುತ್ತದೆ, ಬೈಕಿನಲ್ಲಿ ಹೋಗುವವರು ಅಷ್ಟರಲ್ಲಿ ಮುಂದಿನ ಸಿಗ್ನಲ್ ದಾಟಿರುತ್ತಾರೆ. ಆದರೆ ಅವರು ಅಂಗಡಿಗೆ ಬಂದವರೇ ಅಲ್ಲ! ಬೇಲಿಯೊಳಗೆ ಐದು ನಿಮಿಷ ಉಳಿದವರಿಗಷ್ಟೇ ಸೂಚನೆ ಕಳಿಸುವ ಅವಕಾಶವೂ ಅದರಲ್ಲೇ ಇದೆ. ನಿಜವಾದ ತೊಡಕು ಬೇರೆ: ಈ ಮಿತವಾದ ಕಾವಲಿಗೂ ಸದಾಕಾಲದ ಹಿಂಬಾಲಿಕೆಗೂ ಬೇಕಾದದ್ದು ಒಂದೇ ಅನುಮತಿ, ‘ಯಾವಾಗಲೂ’ ಸ್ಥಳ ತಿಳಿಯುವ ಅನುಮತಿ. ಕೆನಡಾದ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿಗಳ ಆ್ಯಪ್, ತೆರೆಯದಿದ್ದಾಗಲೂ ಕೆಲವೇ ನಿಮಿಷಗಳಿಗೊಮ್ಮೆ ಸ್ಥಳ ದಾಖಲಿಸಿ ಗ್ರಾಹಕರ ಮನೆ, ಕಚೇರಿ, ಅವರು ಪ್ರತಿಸ್ಪರ್ಧಿಯ ಅಂಗಡಿಗೆ ಹೋದದ್ದನ್ನು ಕೂಡ ಊಹಿಸುತ್ತಿತ್ತೆಂದು ಅಲ್ಲಿನ ಖಾಸಗಿತನ ಆಯುಕ್ತರು 2022ರಲ್ಲಿ ಪ್ರಕಟಿಸಿದರು. ಗ್ರಾಹಕರೇ ಒಪ್ಪಿದ್ದರಲ್ಲ ಎನ್ನಬಹುದು. ಆ್ಯಪ್ ತೆರೆದಿರುವಾಗ ಮಾತ್ರ ಎಂದು ನಂಬಿಸಿ ಪಡೆದ ಒಪ್ಪಿಗೆ ಅದು.